ಚಹಾ, ರಕ್ತಹೀನತೆ ಮತ್ತು ಡಿಸ್ಕಷನ್ ಭಾಗದ ಅತಿಮಾತು

ಪ್ರಶ್ನೆ: ಮೇಡಂ, ನಾನು ವಿಜಯಪುರದಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಹಾಸ್ಟೆಲ್ ಹುಡುಗಿಯರು ಊಟದ ಜೊತೆ ಚಹಾ ಕುಡಿಯುವುದಕ್ಕೂ ರಕ್ತಹೀನತೆಗೂ ಸಂಬಂಧ ಇದೆಯಾ ಅಂತ ಸರ್ವೆ ಮಾಡಿ ಪೇಪರ್ ಬರೆದೆ. ಡಿಸ್ಕಷನ್ ಓದಿದ ಗೈಡ್ "ಓವರ್‌ಕ್ಲೇಮ್ ಜಾಸ್ತಿ ಆಗಿದೆ, ತಗ್ಗಿಸು" ಅಂದರು. ಎಲ್ಲ ಸಾಲಿಗೂ "ಇರಬಹುದು" ಸೇರಿಸಿ ಕೊಟ್ಟೆ. ಈಗ "ಹಾಗಾದ್ರೆ ನೀನು ಕಂಡುಕೊಂಡಿದ್ದಾದರೂ ಏನು?" ಅಂತ ಕೇಳುತ್ತಾರೆ. ಫಲಿತಾಂಶ ಬಿಟ್ಟುಕೊಡದೆ, ಮಿತಿಗಳನ್ನೂ ಮುಚ್ಚಿಡದೆ ಇದನ್ನು ತಿದ್ದುವುದು ಹೇಗೆ?

ಉತ್ತರ: ನೀವು ಕಳಿಸಿದ ಎರಡೂ ಡ್ರಾಫ್ಟ್ ಓದಿದೆ. ನಿಮ್ಮ ಗೈಡ್ ಎರಡು ಸಲವೂ ಸರಿಯಾಗಿಯೇ ಹೇಳಿದ್ದಾರೆ. ಮೊದಲ ಡ್ರಾಫ್ಟು ಟೇಬಲ್‌ನಲ್ಲಿ ಇಲ್ಲದ್ದನ್ನು ಹೇಳುತ್ತಿತ್ತು. ಎರಡನೆಯದು ಟೇಬಲ್‌ನಲ್ಲಿ ಕಣ್ಣಿಗೆ ಹೊಡೆಯುವಂತೆ ಇರುವುದನ್ನೂ ಹೇಳಲು ಹೆದರುತ್ತಿದೆ. ಪೇಪರ್ ಇನ್ನೂ ಪ್ರಕಟವಾಗಿಲ್ಲ, ಹಾಗಾಗಿ ಇಲ್ಲಿ ನಿಮ್ಮ ಅಂಕಿಗಳನ್ನು ಬದಲಿಸಿದ್ದೇನೆ. ಸಾಲುಗಳನ್ನು ಕನ್ನಡದಲ್ಲಿ ಹೇಳಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ನಿಮ್ಮದೇ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳೋಣ. ಅತಿಮಾತು ಇರುವುದು ದನಿಯಲ್ಲಲ್ಲ. ನಿಮ್ಮ ಸಾಲು ಹೇಳುವುದಕ್ಕೂ ನಿಮ್ಮ ಅಧ್ಯಯನ ತೋರಿಸಬಲ್ಲುದಕ್ಕೂ ನಡುವೆ ಇರುವ ಅಂತರದಲ್ಲಿ ಅದು ಇರುತ್ತದೆ. ಆ ಅಂತರ ಎಲ್ಲಿದೆ ಅಂತ ಹುಡುಕದೆ "ಇರಬಹುದು" ಸೇರಿಸಿದರೆ ತಪ್ಪು ಹಾಗೇ ಉಳಿಯುತ್ತದೆ, ಸ್ವಲ್ಪ ಮಸುಕಾಗುತ್ತದೆ ಅಷ್ಟೇ. "ಚಹಾ ರಕ್ತಹೀನತೆಗೆ ಕಾರಣವಾಗುತ್ತದೆ" ಎಂಬುದನ್ನು "ಚಹಾ ರಕ್ತಹೀನತೆಗೆ ಕಾರಣವಾಗಬಹುದು" ಅಂತ ಮಾಡಿದಿರಿ. ಎರಡೂ ಕಾರಣದ ಮಾತೇ ಅಲ್ವಾ? ನಿಮ್ಮ ಸರ್ವೆ ಕಾರಣದ ಬಗ್ಗೆ ಏನನ್ನೂ ಅಳೆದಿಲ್ಲ.

ಈಗ ನಿಮ್ಮ ಮೊದಲ ಡ್ರಾಫ್ಟಿನ ಮೊದಲ ಸಾಲನ್ನೇ ತೆಗೆದುಕೊಳ್ಳೋಣ. ಇಡೀ ಸಮಸ್ಯೆ ಅದರಲ್ಲಿದೆ:

"ಊಟದ ಜೊತೆ ಚಹಾ ಕುಡಿಯುವುದರಿಂದ ಯುವತಿಯರಲ್ಲಿ ರಕ್ತಹೀನತೆಯ ಅಪಾಯ ಶೇ. 78ರಷ್ಟು ಹೆಚ್ಚುತ್ತದೆ ಎಂದು ಈ ಅಧ್ಯಯನ ಸಾಬೀತುಪಡಿಸಿದೆ."

ಇದರ ಪಕ್ಕದಲ್ಲಿ ನಿಮ್ಮ ರಿಸಲ್ಟ್ಸ್ ಟೇಬಲ್ ಇಟ್ಟುಕೊಳ್ಳಿ. ಎರಡು ಹಾಸ್ಟೆಲ್, 312 ವಿದ್ಯಾರ್ಥಿನಿಯರು. ಊಟದ ಜೊತೆ ಅಥವಾ ಊಟವಾದ ಒಂದು ಗಂಟೆಯೊಳಗೆ ಚಹಾ ಕುಡಿಯುವವರು 180 ಮಂದಿ. ಅವರಲ್ಲಿ 119 ಜನರ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ. ಹಾಗೆ ಕುಡಿಯದವರು 132, ಅವರಲ್ಲಿ 69 ಜನರಿಗೆ ಕಡಿಮೆ. ಅಂದರೆ ಒಂದು ಕಡೆ ಶೇ. 66, ಇನ್ನೊಂದು ಕಡೆ ಶೇ. 52.

ಹಾಗಾದರೆ 78 ಎಲ್ಲಿಂದ ಬಂತು? ಆಡ್ಸ್ ರೇಶಿಯೋದಿಂದ. ಚಹಾ ಕುಡಿಯುವವರಲ್ಲಿ ರಕ್ತಹೀನತೆ ಇರುವವರು 119, ಇಲ್ಲದವರು 61. ಭಾಗಿಸಿದರೆ 1.95. ಕುಡಿಯದವರಲ್ಲಿ 69ಕ್ಕೆ 63, ಅಂದರೆ 1.10. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.78. ಲೆಕ್ಕ ಸರಿ. ಆದರೆ ಅದನ್ನು "ಅಪಾಯ ಶೇ. 78 ಜಾಸ್ತಿ" ಅಂತ ಓದಿದ್ದು ತಪ್ಪು. ಶೇ. 66 ಅನ್ನು ಶೇ. 52ರಿಂದ ಭಾಗಿಸಿ ನೋಡಿ, 1.27 ಬರುತ್ತದೆ. ರಕ್ತಹೀನತೆ ಇರುವವರ ಪ್ರಮಾಣ ಒಂದು ಗುಂಪಿನಲ್ಲಿ ಇನ್ನೊಂದಕ್ಕಿಂತ ಸುಮಾರು ಕಾಲುಪಟ್ಟು ಹೆಚ್ಚು. ಮುಕ್ಕಾಲುಪಟ್ಟು ಅಲ್ಲ.

ಅಪರೂಪದ ಕಾಯಿಲೆಯಾಗಿದ್ದರೆ ಈ ಎರಡು ಲೆಕ್ಕಗಳು ಹೆಚ್ಚುಕಡಿಮೆ ಒಂದೇ ಬರುತ್ತವೆ. ನೂರರಲ್ಲಿ ಎರಡು ಮೂರು ಜನಕ್ಕೆ ಬರುವ ಕಾಯಿಲೆಯಲ್ಲಿ ಆಡ್ಸ್ ರೇಶಿಯೋವನ್ನು ಅಪಾಯದ ಪಟ್ಟು ಅಂತ ಓದಿದರೂ ಹೆಚ್ಚು ಹಾನಿಯಿಲ್ಲ. ನಿಮ್ಮ ಹಾಸ್ಟೆಲ್‌ಗಳಲ್ಲಿ ನೂರಕ್ಕೆ ಅರವತ್ತು ಜನರಿಗೆ ರಕ್ತಹೀನತೆ ಇದೆ. ಇಷ್ಟು ಸಾಮಾನ್ಯವಾದಾಗ ಆಡ್ಸ್ ರೇಶಿಯೋ ಊದಿಕೊಂಡು ಕಾಣುತ್ತದೆ. ನಮ್ಮ ಭಾಗದ ರಕ್ತಹೀನತೆ ಪೇಪರ್‌ಗಳಲ್ಲಿ ನಾನು ಅತಿ ಹೆಚ್ಚು ಸಲ ಕೆಂಪು ಗೀರು ಎಳೆಯುವುದು ಇದಕ್ಕೇ. ಬರೆದವರು ಮೋಸ ಮಾಡಿರುವುದಿಲ್ಲ. ಸಾಫ್ಟ್‌ವೇರ್ ಕೊಟ್ಟ ಅಂಕಿಯನ್ನು ಬಾಯಿಮಾತಿಗೆ ಇಳಿಸುವಾಗ ಜಾರಿರುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. 1.78 ಎಂಬುದು ಬೇರೆ ಯಾವ ಅಂಶವನ್ನೂ ಲೆಕ್ಕಕ್ಕೆ ಹಿಡಿಯದೆ ಬಂದ ಅಂಕಿ. ವಯಸ್ಸು, ಮನೆಯ ಆದಾಯ, ವಾರಕ್ಕೆ ಎಷ್ಟು ಸಲ ಮಾಂಸ ಮೊಟ್ಟೆ ತಿನ್ನುತ್ತಾರೆ, ಯಾವ ಹಾಸ್ಟೆಲ್ ಎಂಬುದನ್ನೆಲ್ಲ ಸೇರಿಸಿ ಹೊಂದಿಸಿದ ಮೇಲೆ ನಿಮ್ಮದೇ ಟೇಬಲ್‌ನಲ್ಲಿ ಅದು 1.64ಕ್ಕೆ ಇಳಿದಿದೆ. ಶೇ. 95ರ ವಿಶ್ವಾಸದ ಅಂತರ 1.01ರಿಂದ 2.67. ಹೀಗೆ ಹೊಂದಿಸಿದ ಲೆಕ್ಕವೇ ಮುಖ್ಯ ವಿಶ್ಲೇಷಣೆ ಅಂತ ಮೆಥಡ್ಸ್ ಭಾಗದಲ್ಲಿ ನೀವೇ ಬರೆದಿದ್ದೀರಿ. ಡಿಸ್ಕಷನ್‌ಗೆ ಬಂದಾಗ ದೊಡ್ಡ ಅಂಕಿ ಆರಿಸಿಕೊಂಡಿರಿ. ವಿಮರ್ಶಕರು ಇದನ್ನು ಕ್ಷಮಿಸುವುದಿಲ್ಲ, ಯಾಕೆಂದರೆ ಇದು ಆಯ್ಕೆಯ ಹಾಗೆ ಕಾಣುತ್ತದೆ.

ಆ ಅಂತರವನ್ನೂ ಸ್ವಲ್ಪ ನೋಡಿ. ಕೆಳತುದಿ 1.01, ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣ ಸಂಬಂಧ. ಮೇಲುತುದಿ 2.67, ಅದು ದೊಡ್ಡದು. ಈ ಎರಡೂ ತುದಿ, ನಡುವಿನದೆಲ್ಲವೂ ನಿಮ್ಮ ಮಾಹಿತಿಗೆ ಹೊಂದುತ್ತವೆ. ಪಿ ಬೆಲೆ 0.046, ವಾಡಿಕೆಯ 0.05ರ ಗೆರೆಗಿಂತ ಸ್ವಲ್ಪವೇ ಕೆಳಗೆ. ಇದಕ್ಕೆ "ಅತ್ಯಂತ ಮಹತ್ವದ" ಎಂಬ ವಿಶೇಷಣ ಹಾಕಿದ್ದೀರಿ, ಅದನ್ನು ತೆಗೆಯಿರಿ. ಹಾಗಂತ "ಸಂಬಂಧ ಸ್ಪಷ್ಟವಾಗಿಲ್ಲ" ಅಂತ ಎರಡನೇ ಡ್ರಾಫ್ಟಿನಲ್ಲಿ ಬರೆದಿದ್ದೂ ಬೇಡ. ಸಂಬಂಧ ಕಂಡಿದೆ. ಅದರ ಗಾತ್ರದ ಬಗ್ಗೆ ಮಾತ್ರ ಖಾತ್ರಿ ಕಡಿಮೆ. ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಬಹುದು, ಹೇಳಬೇಕು.

ಇನ್ನು "ಕುಡಿಯುವುದರಿಂದ… ಹೆಚ್ಚುತ್ತದೆ". ನೀವು ಒಂದೇ ಸಲ ಹೋಗಿ, ಒಂದೇ ದಿನ ಪ್ರಶ್ನೆ ಕೇಳಿ, ಅದೇ ದಿನ ರಕ್ತ ತೆಗೆದಿದ್ದೀರಿ. ಯಾವುದು ಮೊದಲು ಬಂತು ಅಂತ ನಿಮಗೆ ಗೊತ್ತಿಲ್ಲ. ರಕ್ತ ಕಡಿಮೆ ಇರುವ ಹುಡುಗಿಗೆ ಸುಸ್ತು. ಸುಸ್ತಾದವಳು ಬೆಳಿಗ್ಗೆ ಉಪ್ಪಿಟ್ಟಿನ ಜೊತೆ ಒಂದು ಕಪ್, ಮಧ್ಯಾಹ್ನ ರೊಟ್ಟಿ ಊಟ ಆದ ಮೇಲೆ ಇನ್ನೊಂದು ಕಪ್ ಚಹಾ ಕುಡಿಯುತ್ತಾಳೆ. ನಿಮ್ಮ ಟೇಬಲ್ ಈ ಕಥೆಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಮೂರನೆಯ ಕಥೆಯೂ ಇದೆ. ಹಸಿವಿಗೆ ಊಟದ ಬದಲು ಚಹಾ ಕುಡಿದು ಸುಮ್ಮನಾಗುವವರು ಒಟ್ಟಾರೆ ಕಡಿಮೆ ತಿನ್ನುತ್ತಿರಬಹುದು. ಅಲ್ಲಿ ತಪ್ಪು ಚಹಾದ್ದಲ್ಲ, ತಟ್ಟೆಯದ್ದು. ಒಟ್ಟು ಆಹಾರವನ್ನು ನೀವು ಅಳೆದಿಲ್ಲ.

ಆದ್ದರಿಂದ ಈ ಸಾಲಿನಲ್ಲಿ ಬದಲಾಗಬೇಕಾದದ್ದು ಕ್ರಿಯಾಪದ. "ಹೆಚ್ಚಿಸುತ್ತದೆ", "ಕಾರಣವಾಗುತ್ತದೆ", "ಪರಿಣಾಮ ಬೀರುತ್ತದೆ", "ತಡೆಯುತ್ತದೆ" ಎಂಬ ನಾಲ್ಕೂ ಹೋಗಲಿ. "ಚಹಾ ಕುಡಿಯುವವರಲ್ಲಿ ಹೆಚ್ಚು ಕಂಡುಬಂತು", "ಸಂಬಂಧ ಇತ್ತು" ಎಂಬವು ಬರಲಿ. ಗಮನಿಸಿ, ಇವುಗಳಿಗೆ "ಇರಬಹುದು" ಬೇಕಾಗಿಲ್ಲ. ನೀವು ಎಣಿಸಿದ್ದೀರಿ, ಕಂಡಿದೆ. ಧೈರ್ಯವಾಗಿ ಭೂತಕಾಲದಲ್ಲಿ ಬರೆಯಿರಿ. ವರ್ತಮಾನಕಾಲ ಎಲ್ಲ ಊರಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ನಿಯಮದ ಹಾಗೆ ಕೇಳಿಸುತ್ತದೆ. ಭೂತಕಾಲ ನಿಮ್ಮ ಎರಡು ಹಾಸ್ಟೆಲ್‌ಗಳ ಒಳಗೇ ಉಳಿಯುತ್ತದೆ. ಡಿಸ್ಕಷನ್ ತಿದ್ದುವಾಗ ನಾನು ಮಾಡುವ ಅತಿ ಸಣ್ಣ ಬದಲಾವಣೆ ಇದು, ಅತಿ ಹೆಚ್ಚು ಕೆಲಸ ಮಾಡುವುದೂ ಇದೇ.

ತಿದ್ದಿದ ಸಾಲು ಹೀಗೆ ಬರುತ್ತದೆ: "ಎರಡು ಹಾಸ್ಟೆಲ್‌ಗಳ 312 ವಿದ್ಯಾರ್ಥಿನಿಯರಲ್ಲಿ, ಊಟದ ಜೊತೆ ಅಥವಾ ಒಂದು ಗಂಟೆಯೊಳಗೆ ಚಹಾ ಕುಡಿಯುವವರ ಪೈಕಿ ಶೇ. 66 ಮಂದಿಗೆ, ಹಾಗೆ ಕುಡಿಯದವರ ಪೈಕಿ ಶೇ. 52 ಮಂದಿಗೆ ರಕ್ತಹೀನತೆ ಇತ್ತು. ಇತರ ಅಂಶಗಳಿಗೆ ಹೊಂದಿಸಿದ ಮೇಲೂ ಸಂಬಂಧ ಉಳಿಯಿತು (ಆಡ್ಸ್ ರೇಶಿಯೋ 1.64, ಶೇ. 95ರ ಅಂತರ 1.01ರಿಂದ 2.67). ಆದರೆ ಅಂತರ ಅಗಲವಾಗಿರುವುದರಿಂದ ಸಂಬಂಧದ ಗಾತ್ರವನ್ನು ನಿಖರವಾಗಿ ಹೇಳಲಾಗದು."

ಹಳೆಯ ಸಾಲಿಗಿಂತ ಇದು ಉದ್ದ. ಇರಲಿ. ಗೈಡ್ "ಏನು ಕಂಡುಕೊಂಡೆ?" ಅಂತ ಕೇಳಿದರೆ ಈ ಸಾಲನ್ನೇ ತೋರಿಸಬಹುದು. ಮೊದಲ ಡ್ರಾಫ್ಟಿನಲ್ಲಿ ಶೇ. 66 ಮತ್ತು 52 ಎಂಬ ಅಂಕಿಗಳು ಡಿಸ್ಕಷನ್‌ನಲ್ಲಿ ಎಲ್ಲಿಯೂ ಇರಲಿಲ್ಲ. ಓದುಗರಿಗೆ ನೇರವಾಗಿ ಅರ್ಥವಾಗುವ ಅಂಕಿಗಳು ಅವೇ.

ಎರಡನೆಯ ಸಾಲು: "ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣದ ಹೀರಿಕೆಯನ್ನು ತಡೆದು ಈ ವಿದ್ಯಾರ್ಥಿನಿಯರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಉಂಟುಮಾಡಿದೆ." ಇಲ್ಲಿ ಎರಡು ಜಿಗಿತ ಇವೆ. ಟ್ಯಾನಿನ್‌ನಂಥ ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣಕ್ಕೆ ಅಂಟಿಕೊಂಡು ಅದು ಕರುಳಿನಲ್ಲಿ ಹೀರಿಕೆಯಾಗುವುದನ್ನು ಕಡಿಮೆ ಮಾಡುತ್ತವೆ. ಇದು ಗೊತ್ತಿರುವ ಸಂಗತಿಯೇ. ಆದರೆ ಅದು ಬೇರೆಯವರು, ಬೇರೆ ರೀತಿಯ ಪ್ರಯೋಗದಲ್ಲಿ, ಹೆಚ್ಚಾಗಿ ಒಂದೊಂದು ಊಟದ ಮಟ್ಟದಲ್ಲಿ ಅಳೆದದ್ದು. ಅದನ್ನು ಉಲ್ಲೇಖಿಸಿ, ಬೇಡ ಅನ್ನುತ್ತಿಲ್ಲ. ನಿಮ್ಮ ಫಲಿತಾಂಶಕ್ಕೆ ಒಂದು ಸಂಭವನೀಯ ವಿವರಣೆ ಎಂದು ಮಾತ್ರ ಉಲ್ಲೇಖಿಸಿ. "ಇರಬಹುದು" ಎಂಬ ಪದಕ್ಕೆ ನಿಜವಾದ ಜಾಗ ಇಲ್ಲಿದೆ. ನೀವು ಅದನ್ನು ಎಲ್ಲ ಕಡೆ ಚೆಲ್ಲಿ, ಬೇಕಾದ ಕಡೆ ಅದರ ಬೆಲೆ ಕಳೆದಿರಿ.

ಎರಡನೆಯ ಜಿಗಿತ "ಕಬ್ಬಿಣದ ಕೊರತೆ". ನೀವು ಹಿಮೋಗ್ಲೋಬಿನ್ ಮಾತ್ರ ನೋಡಿದ್ದೀರಿ. ಗರ್ಭಿಣಿಯಲ್ಲದ, 15 ದಾಟಿದ ಹೆಣ್ಣುಮಕ್ಕಳಲ್ಲಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ರಕ್ತಹೀನತೆ. ಅದು ಯಾವುದರಿಂದ ಬಂತು ಅಂತ ಹಿಮೋಗ್ಲೋಬಿನ್ ಹೇಳುವುದಿಲ್ಲ. ಬಿ12 ಅಥವಾ ಫೋಲೇಟ್ ಕೊರತೆ, ಥಲಸ್ಸೀಮಿಯಾ ಟ್ರೇಟ್, ದೀರ್ಘಕಾಲದ ಸೋಂಕು, ಇವುಗಳಲ್ಲೂ ಅದು ಇಳಿಯುತ್ತದೆ. ಕಬ್ಬಿಣದ ಕೊರತೆ ಅನ್ನಬೇಕಾದರೆ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಬೇಕಿತ್ತು. "ಫೆರಿಟಿನ್ ಅಳೆಯಲಾಗಿಲ್ಲ" ಅಂತ ನೀವೇ ಮಿತಿಗಳ ಪ್ಯಾರಾದಲ್ಲಿ ಬರೆದಿದ್ದೀರಿ! ಮೂರನೇ ಪ್ಯಾರಾದಲ್ಲಿ ಕಬ್ಬಿಣದ ಕೊರತೆ ಅಂತ ಖಚಿತವಾಗಿ ಹೇಳಿ, ಏಳನೇ ಪ್ಯಾರಾದಲ್ಲಿ ಅದನ್ನು ಅಳೆದಿಲ್ಲ ಅಂತ ಒಪ್ಪಿಕೊಂಡರೆ ಓದುಗರು ಯಾವುದನ್ನು ನಂಬಬೇಕು?

ಅತಿಮಾತು ಹಿಡಿಯಲು ಇದೇ ಸುಲಭದ ದಾರಿ. ಮಿತಿಗಳ ಪ್ಯಾರಾವನ್ನು ಮೊದಲು ಓದಿ. ಅದರ ಒಂದೊಂದು ಮಿತಿಯನ್ನೂ ಕೈಯಲ್ಲಿ ಹಿಡಿದು ಡಿಸ್ಕಷನ್‌ನ ಮೇಲಿನಿಂದ ಬನ್ನಿ. ಈ ಮಿತಿ ಗೊತ್ತಿದ್ದವರು ಈ ಸಾಲು ಬರೆಯುತ್ತಿದ್ದರಾ ಅಂತ ಕೇಳಿಕೊಳ್ಳಿ. ನಿಮ್ಮ ಪೇಪರ್‌ನಲ್ಲಿ ಐದು ಮಿತಿಗಳಿವೆ: ಒಂದೇ ಸಲದ ಸರ್ವೆ, ಫೆರಿಟಿನ್ ಇಲ್ಲ, ಎರಡೇ ಹಾಸ್ಟೆಲ್, ಚಹಾದ ಲೆಕ್ಕ ಹುಡುಗಿಯರ ನೆನಪಿನ ಮೇಲೆ ನಿಂತಿದೆ, ಮುಟ್ಟಿನ ರಕ್ತಸ್ರಾವದ ಬಗ್ಗೆ ಕೇಳಿಲ್ಲ. ಒಳ್ಳೆಯ ಪಟ್ಟಿ. ಆದರೆ ಈ ಐದೂ ಒಂದೇ ಪ್ಯಾರಾದಲ್ಲಿ ಕೊನೆಗೆ ಕೂತಿವೆ, ಮೇಲಿನ ಸಾಲುಗಳಿಗೂ ಅವಕ್ಕೂ ಮಾತುಕತೆಯೇ ಇಲ್ಲ. ತಿದ್ದುವಾಗ ಪ್ಯಾರಾವನ್ನು ಹಾಗೇ ಉಳಿಸಿ. ಅದರ ಜೊತೆಗೆ, ಯಾವ ಮಿತಿ ಯಾವ ಮಾತನ್ನು ಕಟ್ಟಿಹಾಕುತ್ತದೋ ಅದನ್ನು ಆ ಮಾತಿನ ಪಕ್ಕದಲ್ಲೂ ಅರ್ಧ ಸಾಲಿನಲ್ಲಿ ಹೇಳಿ. "ಫೆರಿಟಿನ್ ನೋಡದ ಕಾರಣ ಇದು ಕಬ್ಬಿಣದ ಕೊರತೆಯೇ ಎಂದು ಹೇಳಲಾಗದು" ಎಂಬುದು ಟ್ಯಾನಿನ್ ಸಾಲಿನ ಬೆನ್ನಿಗೇ ಬರಬೇಕು.

ನೀವು ಅಳುಕಿಲ್ಲದೆ ಬರೆದ ಇನ್ನೊಂದು ಸಾಲು ಇದೆ. ಗೈಡ್ ಕೂಡ ಅದನ್ನು ಬಿಟ್ಟಿದ್ದಾರೆ, ಯಾಕೆಂದರೆ ಅದು ದೊಡ್ಡ ಮಾತಿನ ಹಾಗೆ ಕಾಣುವುದಿಲ್ಲ: "ಜೋಳದ ರೊಟ್ಟಿ ತಿನ್ನುವುದಕ್ಕೂ ರಕ್ತಹೀನತೆಗೂ ಯಾವುದೇ ಸಂಬಂಧ ಇಲ್ಲ (ಪಿ = 0.23)." ಇದು ತಲೆಕೆಳಗಾದ ಅತಿಮಾತು. ದಿನಾ ರೊಟ್ಟಿ ತಿನ್ನದವರಲ್ಲಿ ಆಡ್ಸ್ ರೇಶಿಯೋ 1.30, ಅಂತರ 0.85ರಿಂದ 2.00. ಈ ಅಂತರದೊಳಗೆ ಸಣ್ಣ ಲಾಭ ಇದೆ, ಏನೂ ಇಲ್ಲ ಎಂಬುದೂ ಇದೆ, ಆಡ್ಸ್ ಎರಡುಪಟ್ಟಾಗುವುದೂ ಇದೆ. ಹೀಗಿದ್ದಾಗ "ಸಂಬಂಧ ಇಲ್ಲ" ಅಂತ ಹೇಳುವ ಹಕ್ಕು ನಿಮಗಿಲ್ಲ. "ಈ ಅಧ್ಯಯನದಲ್ಲಿ ಸಂಬಂಧ ಕಂಡುಬರಲಿಲ್ಲ, ಆದರೆ ಅಂತರ ಅಗಲವಾಗಿರುವುದರಿಂದ ಸಂಬಂಧವನ್ನು ತಳ್ಳಿಹಾಕಲೂ ಆಗದು" ಅಂತ ಬರೆಯಿರಿ. ಚಹಾದ ಸಾಲನ್ನೂ ರೊಟ್ಟಿಯ ಸಾಲನ್ನೂ ಪಕ್ಕಪಕ್ಕ ಇಟ್ಟರೆ ಒಂದು ತಮಾಷೆ ಕಾಣುತ್ತದೆ. ಎರಡೂ ಅಂತರಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೆ "ಸಾಬೀತು", ಇನ್ನೊಂದಕ್ಕೆ "ಯಾವುದೇ ಸಂಬಂಧ ಇಲ್ಲ" ಅಂದಿದ್ದೀರಿ. 0.05 ಎಂಬ ಗೆರೆ ಇಷ್ಟು ಕೆಲಸ ಮಾಡಿಸುತ್ತದೆ. ಹಾಗಾಗಿ "ಆಹಾರಕ್ಕಿಂತ ಚಹಾವೇ ಮುಖ್ಯ" ಎಂಬ ಮುಂದಿನ ಸಾಲನ್ನು ಪೂರ್ತಿ ತೆಗೆಯಬೇಕು. ಆ ಎರಡನ್ನು ಹೋಲಿಸಿ ನೋಡುವ ಲೆಕ್ಕವನ್ನೇ ನೀವು ಮಾಡಿಲ್ಲ.

ಈಗ ನನಗೆ ನಿಜವಾಗಿಯೂ ಕಿರಿಕಿರಿ ಆದ ಸಾಲು. ಅದು ಮಿತಿಗಳ ಪ್ಯಾರಾದ ಒಳಗೇ ಇದೆ: "ಚಹಾದ ಪ್ರಮಾಣವನ್ನು ವಿದ್ಯಾರ್ಥಿನಿಯರ ನೆನಪಿನಿಂದ ಪಡೆಯಲಾಗಿದೆ. ಇಂಥ ತಪ್ಪುಗಳು ಸಂಬಂಧವನ್ನು ಕುಗ್ಗಿಸುವುದರಿಂದ ನಿಜವಾದ ಸಂಬಂಧ ಇದಕ್ಕಿಂತಲೂ ಬಲವಾಗಿದೆ." ಮಿತಿ ಹೇಳುವ ನೆಪದಲ್ಲಿ ಫಲಿತಾಂಶವನ್ನು ಇನ್ನಷ್ಟು ಎತ್ತಿದ್ದೀರಿ. ಪಠ್ಯಪುಸ್ತಕದಲ್ಲಿ ಇರುವ ಮಾತೇ ಇದು, ಆದರೆ ಷರತ್ತಿನ ಜೊತೆ ಇದೆ. ನೆನಪಿನ ತಪ್ಪು ರಕ್ತಹೀನತೆ ಇದ್ದವರಲ್ಲೂ ಇಲ್ಲದವರಲ್ಲೂ ಒಂದೇ ರೀತಿ ಆಗಿದ್ದರೆ, ಸರಾಸರಿಯಲ್ಲಿ ಸಂಬಂಧ ಕುಗ್ಗುವ ಕಡೆಗೆ ವಾಲುತ್ತದೆ. ಆಗಲೂ ಒಂದೇ ಒಂದು ಅಧ್ಯಯನದಲ್ಲಿ ಹಾಗೇ ಆಯಿತು ಅಂತ ಹೇಳಲಾಗದು.

ನಿಮ್ಮಲ್ಲಿ ಆ ಷರತ್ತೂ ಗಟ್ಟಿಯಿಲ್ಲ. ಮೊದಲೇ ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಹೇಳಿದ್ದ ಹುಡುಗಿಯರಿಗೆ "ಚಹಾ ಬಿಡು" ಅಂತ ಮನೆಯಲ್ಲಿ ಬೈದಿರುತ್ತಾರೆ. ಅಂಥವಳು ನಿಮ್ಮ ಫಾರ್ಮ್‌ನಲ್ಲಿ ಕಡಿಮೆ ಬರೆದಿರಬಹುದು, ಅಥವಾ ತಾನು ಕುಡಿಯುವುದನ್ನು ಬೇರೆಯವರಿಗಿಂತ ಚೆನ್ನಾಗಿ ನೆನಪಿಟ್ಟಿರಬಹುದು. ತಪ್ಪು ಯಾವ ಕಡೆಗೆ ವಾಲಿತು ಅಂತ ಗೊತ್ತಿಲ್ಲ. ಹಾಗಾದರೆ ಬರೆಯಬೇಕಾದ್ದು ಇಷ್ಟೇ: "ಚಹಾದ ಪ್ರಮಾಣವನ್ನು ವಿದ್ಯಾರ್ಥಿನಿಯರ ನೆನಪಿನಿಂದ ಪಡೆಯಲಾಗಿದೆ. ತಪ್ಪುಗಳು ಸಂಬಂಧವನ್ನು ಹಿಗ್ಗಿಸಿವೆಯೋ ಕುಗ್ಗಿಸಿವೆಯೋ ಹೇಳಲಾಗದು." ಮೊದಲ ವಾಕ್ಯ ಇದ್ದ ಹಾಗೇ ಉಳಿಯಿತು ನೋಡಿ. ಮಿತಿ ನಿಮ್ಮದು, ಅದನ್ನು ಮುಟ್ಟಲಿಲ್ಲ. ಅದಕ್ಕೆ ಅಂಟಿಸಿದ್ದ ಬಾಲ ಮಾತ್ರ ಹೋಯಿತು.

ಮುಟ್ಟಿನ ರಕ್ತಸ್ರಾವದ ಮಿತಿಯಲ್ಲಿ ಇದರ ವಿರುದ್ಧದ ತೊಂದರೆ ಆಗಿದೆ. ಮೊದಲ ಡ್ರಾಫ್ಟಿನಲ್ಲಿ "ಮುಟ್ಟಿನ ರಕ್ತಸ್ರಾವದ ಬಗ್ಗೆ ಮಾಹಿತಿ ಪಡೆಯಲಾಗಿಲ್ಲ" ಅಂತ ನೇರವಾಗಿ ಇತ್ತು. ಎರಡನೆಯದರಲ್ಲಿ ಅದು "ಕೆಲವು ಜೈವಿಕ ಅಂಶಗಳನ್ನು ಪೂರ್ಣವಾಗಿ ಪರಿಗಣಿಸಲು ಸಾಧ್ಯವಾಗದೆ ಇರಬಹುದು" ಅಂತಾಗಿದೆ. ಮೃದು ಮಾಡುವ ಭರದಲ್ಲಿ ಮಿತಿಯೇ ಕರಗಿತು. ಈ ವಯಸ್ಸಿನ ಹುಡುಗಿಯರಲ್ಲಿ ರಕ್ತಹೀನತೆಗೆ ಹೆಚ್ಚಿನ ಮುಟ್ಟಿನ ಸ್ರಾವ ದೊಡ್ಡ ಕಾರಣಗಳಲ್ಲೊಂದು. ಅದನ್ನು ಕೇಳಿಲ್ಲ ಅಂದರೆ ಕೇಳಿಲ್ಲ. "ಇರಬಹುದು" ಎಂಬುದು ಮಿತಿಗಳಿಗೆ ಸಲ್ಲದ ಪದ, ಯಾಕೆಂದರೆ ನೀವು ಏನು ಮಾಡಲಿಲ್ಲ ಎಂಬುದು ನಿಮಗೆ ಖಚಿತವಾಗಿ ಗೊತ್ತು.

ಶಿಫಾರಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. "ಜಿಲ್ಲೆಯ ಎಲ್ಲ ಹಾಸ್ಟೆಲ್ ಮೆಸ್‌ಗಳಲ್ಲಿ ಊಟದ ಜೊತೆ ಚಹಾ ನಿಷೇಧಿಸಬೇಕು" ಅಂತ ಬರೆದಿದ್ದೀರಿ. ಚಹಾ ಬಿಡಿಸಿದರೆ ಹಿಮೋಗ್ಲೋಬಿನ್ ಏರುತ್ತದಾ ಅಂತ ನೀವು ನೋಡಿಲ್ಲ. ನಿಮ್ಮ ಅಧ್ಯಯನದಿಂದ ನೇರವಾಗಿ ಹೊರಡುವ ಶಿಫಾರಸು ಬೇರೆಯೇ ಇದೆ: ಈ ಎರಡು ಹಾಸ್ಟೆಲ್‌ಗಳಲ್ಲಿ ಚಹಾ ಕುಡಿಯದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ, ತಪಾಸಣೆ ಬೇಕು. 312ರಲ್ಲಿ 188 ಮಂದಿ! ಇದು ನಿಮ್ಮ ಪೇಪರ್‌ನ ಅತ್ಯಂತ ಗಟ್ಟಿ ಅಂಕಿ. ಇದಕ್ಕೆ ಕಾರಣದ ವಾದ ಬೇಡ, ಹೊಂದಾಣಿಕೆ ಬೇಡ, ಎಣಿಕೆ ಸಾಕು. ಚಹಾದ ಉತ್ಸಾಹದಲ್ಲಿ ಅದು ಡಿಸ್ಕಷನ್‌ನ ಐದನೇ ಪ್ಯಾರಾಕ್ಕೆ ಹೋಗಿ ಕೂತಿದೆ. ಅದನ್ನು ಎತ್ತಿ ಮೊದಲ ಪ್ಯಾರಾದಲ್ಲಿ ಕೂರಿಸಿ. ಅತಿಮಾತು ತೆಗೆದ ಮೇಲೆ ಪೇಪರ್ ಬಡವಾಯಿತು ಅಂತ ನಿಮಗೆ ಅನ್ನಿಸುತ್ತಿದೆಯಲ್ಲ, ಆ ಖಾಲಿ ಜಾಗ ತುಂಬುವುದು ಇಂಥ ಅಂಕಿಗಳಿಂದ.

ವೀಕ್ಷಣಾ ಅಧ್ಯಯನಗಳಿಗೆ ಸ್ಟ್ರೋಬ್ ಎಂಬ ಮಾರ್ಗಸೂಚಿ ಇದೆ. ಬಹಳಷ್ಟು ವೈದ್ಯಕೀಯ ಜರ್ನಲ್‌ಗಳು ಅದರ ಚೆಕ್‌ಲಿಸ್ಟ್ ಕೇಳುತ್ತವೆ. ಅದರ 18ರಿಂದ 21ರವರೆಗಿನ ಅಂಶಗಳು ಡಿಸ್ಕಷನ್‌ಗೆ ಮೀಸಲು: ಮುಖ್ಯ ಫಲಿತಾಂಶ, ಮಿತಿಗಳು, ಅರ್ಥೈಸುವಿಕೆ, ಬೇರೆ ಕಡೆಗೆ ಎಷ್ಟು ಅನ್ವಯಿಸುತ್ತದೆ ಎಂಬುದು. ಮಿತಿಗಳನ್ನು ಹೇಳುವಾಗ ಪಕ್ಷಪಾತ ಯಾವ ದಿಕ್ಕಿಗೆ, ಎಷ್ಟು ಇರಬಹುದು ಎಂಬುದನ್ನೂ ಚರ್ಚಿಸಲು ಅದು ಕೇಳುತ್ತದೆ. ನಿಮ್ಮ "ಇನ್ನೂ ಬಲವಾಗಿದೆ" ಸಾಲು ಬಹುಶಃ ಅಲ್ಲಿಂದಲೇ ಹುಟ್ಟಿರಬೇಕು. ದಿಕ್ಕನ್ನು ಚರ್ಚಿಸಿ ಅಂದರೆ ಗೊತ್ತಿಲ್ಲದಿದ್ದರೂ ಒಂದು ದಿಕ್ಕು ಆರಿಸಿಕೊಳ್ಳಿ ಅಂತಲ್ಲ. ಯಾಕೆ ಗೊತ್ತಾಗುವುದಿಲ್ಲ ಅಂತ ಹೇಳುವುದೂ ಚರ್ಚೆಯೇ.

ಎಲ್ಲ ಸೇರಿಸಿದರೆ ಟ್ಯಾನಿನ್ ಪ್ಯಾರಾ ಹೇಗೆ ಕಾಣುತ್ತದೆ ಅಂತ ಒಂದು ಮಾದರಿ ಕೊಡುತ್ತೇನೆ. ಉಳಿದವನ್ನು ನೀವೇ ಮಾಡಬಲ್ಲಿರಿ.

"ಈ ಸಂಬಂಧಕ್ಕೆ ಹಲವು ವಿವರಣೆಗಳು ಸಾಧ್ಯ. ಚಹಾದ ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ ಎಂದು ಹಿಂದಿನ ಪ್ರಯೋಗಗಳು ತೋರಿಸಿವೆ. ಇಲ್ಲಿಯೂ ಅದು ಒಂದು ಕಾರಣವಾಗಿರಬಹುದು. ಆದರೆ ನಾವು ಫೆರಿಟಿನ್ ಅಳೆದಿಲ್ಲ, ಆದ್ದರಿಂದ ಕಂಡುಬಂದ ರಕ್ತಹೀನತೆ ಕಬ್ಬಿಣದ ಕೊರತೆಯಿಂದಲೇ ಬಂದದ್ದು ಎಂದು ಹೇಳಲಾಗದು. ಚಹಾ ಸೇವನೆಯನ್ನೂ ಹಿಮೋಗ್ಲೋಬಿನ್ನನ್ನೂ ಒಂದೇ ದಿನ ಅಳೆದ ಕಾರಣ, ರಕ್ತಹೀನತೆಯ ಸುಸ್ತಿನಿಂದಲೇ ಚಹಾ ಸೇವನೆ ಹೆಚ್ಚಿರುವ ಸಾಧ್ಯತೆಯೂ ಉಳಿಯುತ್ತದೆ. ಮುಟ್ಟಿನ ರಕ್ತಸ್ರಾವದ ಬಗ್ಗೆ ಮಾಹಿತಿ ಪಡೆದಿಲ್ಲ."

ಇಡೀ ಪ್ಯಾರಾದಲ್ಲಿ "ಇರಬಹುದು" ಒಂದೇ ಸಲ ಬಂದಿದೆ. ಉಳಿದ ಎಲ್ಲ ಸಾಲುಗಳು ಖಚಿತ. ಏನು ಗೊತ್ತು, ಏನು ಗೊತ್ತಿಲ್ಲ ಎರಡನ್ನೂ ನೇರವಾಗಿ ಹೇಳುತ್ತವೆ.

ತಿದ್ದಿ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಡಿಸ್ಕಷನ್‌ನ ಪ್ರತಿಯೊಂದು ಅಂಕಿಗೂ ಪೆನ್ಸಿಲ್‌ನಿಂದ ಗುಂಡು ಸುತ್ತಿ, ಅದು ಯಾವ ಟೇಬಲ್‌ನ ಯಾವ ಸಾಲಿನದು ಅಂತ ಪಕ್ಕದಲ್ಲಿ ಬರೆಯಿರಿ. ಬರೆಯಲಾಗದ ಅಂಕಿ ಇದ್ದರೆ ಅದು ಎಲ್ಲಿಂದಲೋ ನುಸುಳಿದೆ. ತಿದ್ದುವಾಗ 1.64 ಹೋಗಿ 1.46 ಆಗುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಎರಡು, ಹಳೆಯ ಮಿತಿಗಳ ಪ್ಯಾರಾವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಐದಕ್ಕೆ ಐದೂ ಇವೆಯಾ, ಅಷ್ಟೇ ಸ್ಪಷ್ಟವಾಗಿ ಇವೆಯಾ ನೋಡಿ. ಹೊಸ ಮಿತಿ ಹೊಳೆದರೆ ಸುಮ್ನೆ ಸೇರಿಸಿಬಿಡಬೇಡಿ, ಮೊದಲು ಗೈಡ್‌ಗೆ ತೋರಿಸಿ. ಉದಾಹರಣೆಗೆ, ಕಬ್ಬಿಣದ ಮಾತ್ರೆ ನುಂಗುತ್ತಿದ್ದವರು ಇದ್ದರಾ ಅಂತ ನಿಮ್ಮ ಫಾರ್ಮ್‌ನಲ್ಲಿ ಪ್ರಶ್ನೆ ಇದೆ, ಆದರೆ ವಿಶ್ಲೇಷಣೆಯಲ್ಲಿ ಅದು ಇಲ್ಲ. ಅದನ್ನು ಮಿತಿ ಅಂತ ಬರೆದು ದಾಟಿಕೊಳ್ಳುವ ಹಾಗಿಲ್ಲ. ಮಾಹಿತಿ ಕೈಯಲ್ಲಿ ಇರುವಾಗ ಲೆಕ್ಕವನ್ನೇ ಮತ್ತೆ ಮಾಡಬೇಕು. ಅದು ಭಾಷೆ ತಿದ್ದುವವರ ಕೆಲಸವಲ್ಲ, ನಿಮ್ಮದು ಮತ್ತು ನಿಮ್ಮ ಅಂಕಿಅಂಶದವರದು.

ಕೊನೆಗೆ ಶೀರ್ಷಿಕೆ ಮತ್ತು ಸಾರಾಂಶ. ಡಿಸ್ಕಷನ್ ಎಷ್ಟೇ ಚೆನ್ನಾಗಿ ತಿದ್ದಿದರೂ ಹೆಚ್ಚಿನವರು ಓದುವುದು ಇವೆರಡನ್ನೇ. ನಿಮ್ಮ ಶೀರ್ಷಿಕೆಯಲ್ಲಿ "ಚಹಾ ಸೇವನೆಯ ಪರಿಣಾಮ" ಅಂತ ಇನ್ನೂ ಇದೆ. "ಚಹಾ ಸೇವನೆ ಮತ್ತು ರಕ್ತಹೀನತೆಯ ಸಂಬಂಧ: ವಿಜಯಪುರದ ಎರಡು ಹಾಸ್ಟೆಲ್‌ಗಳಲ್ಲಿ ಒಂದು ಸರ್ವೆ" ಅಂತ ಮಾಡಿ. ಸಾರಾಂಶದ ಕೊನೆಯ ಸಾಲಿನಲ್ಲಿ 78 ಇನ್ನೂ ಕೂತಿದೆ, ಅದನ್ನು ಇವತ್ತೇ ತೆಗೆಯಿರಿ.